ಪಾಚಿ ಮತ್ತೆ ಮುಚ್ಚಿಕೊಂಡಿತು, ಅದಕ್ಕೆಷ್ಟು ಅಂಕ?

ಸಿನಿಮಾ ನೋಡಿ ವಿಶ್ಲೇಷಣೆ ಬರೆದುಕೊಂಡು ಬನ್ನಿ ಎಂದರೆ ಹೆಚ್ಚಿನ ವಿದ್ಯಾರ್ಥಿಗಳು ಕಥೆ ಬರೆದುಕೊಂಡು ಬರುತ್ತಾರೆ. ಕೊನೆಗೆ ಒಂದು ಸಾಲು ಸೇರಿಸಿರುತ್ತಾರೆ: "ನಿರ್ದೇಶಕರು ಬಡತನವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ." ಅಕ್ಷರ ದುಂಡಗಿರುತ್ತದೆ. ಕಾಗುಣಿತ ತಪ್ಪಿರುವುದಿಲ್ಲ. ನಾಲ್ಕು ಪುಟ ತುಂಬಿರುತ್ತದೆ. ಇದಕ್ಕೆ ಎಷ್ಟು ಅಂಕ ಹಾಕುವುದು? ಜಾಸ್ತಿ ಹಾಕಿದರೆ ಪರದೆಯನ್ನು ನಿಜವಾಗಿ ನೋಡಿ ಬರೆದವರಿಗೆ ಅನ್ಯಾಯ. ಕಡಿಮೆ ಹಾಕಿದರೆ "ಎಲ್ಲಾ ಬರೆದಿದ್ದೀನಲ್ಲ ಮೇಡಂ, ಏನು ಬಿಟ್ಟಿದೀನಿ ಹೇಳಿ" ಅಂತ ಬಂದು ನಿಲ್ಲುತ್ತಾರೆ. ಆ ಪ್ರಶ್ನೆಗೆ ನಮ್ಮ ಹತ್ತಿರ ಸರಿಯಾದ ಉತ್ತರ ಇರಬೇಕು. "ಇನ್ನೂ ಆಳವಾಗಿ ಬರೆಯಬೇಕಿತ್ತು" ಅನ್ನುವುದು ಉತ್ತರವಲ್ಲ, ಜಾರಿಕೊಳ್ಳುವ ದಾರಿ.

ನಮ್ಮ ಕೋಲಾರದ ಕಡೆಯ ಮಕ್ಕಳಿಗೆ ಕಥೆ ಹೇಳುವುದು ಹೊಸದಲ್ಲ. ಊರಲ್ಲಿ ಹರಿಕಥೆ, ಕೇಳಿಕೆ ನೋಡಿ ಬೆಳೆದವರು ಇನ್ನೂ ಇದ್ದಾರೆ. ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬಸ್ಸಿನಲ್ಲಿ ಬರುವಾಗ ನಿನ್ನೆ ನೋಡಿದ ತೆಲುಗು ಸಿನಿಮಾವನ್ನು ಪಕ್ಕದವರಿಗೆ ಇಂಟರ್ವಲ್ ಸಮೇತ ಹೇಳಿ ಮುಗಿಸುತ್ತಾರೆ. ಇದು ಒಳ್ಳೆಯ ಗುಣವೇ. ಆದರೆ ವಿಶ್ಲೇಷಣೆ ಕೇಳುವುದು ಬೇರೆಯದನ್ನು. ಏನಾಯಿತು ಅನ್ನುವುದನ್ನಲ್ಲ, ಅದನ್ನು ನಮಗೆ ಹೇಗೆ ತೋರಿಸಿದರು, ಹಾಗೆ ತೋರಿಸಿದ್ದರಿಂದ ಅರ್ಥ ಏನಾಯಿತು ಅನ್ನುವುದನ್ನು.

ಒಂದೇ ದೃಶ್ಯ ಇಟ್ಟುಕೊಂಡು ನೋಡೋಣ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', 1955ರ ಸಿನಿಮಾ. ತರಗತಿಗಳಲ್ಲಿ ತುಂಬಾ ತೋರಿಸುವ ಚಿತ್ರ, ಹಾಗಾಗಿ ಅದರ ಬಗ್ಗೆ ಬರುವ ಪ್ರಬಂಧಗಳೂ ಜಾಸ್ತಿ. ದೃಶ್ಯಕ್ಕೆ ಬೇಕಾದ ಹಿನ್ನೆಲೆ ಇಷ್ಟು: ನೆರೆಮನೆಯ ಹುಡುಗಿಯ ಮಾಲೆ ಕದ್ದಳು ಎಂದು ದುರ್ಗಾಳ ಮೇಲೆ ದೂರು ಬರುತ್ತದೆ. ಅವಳು ಇಲ್ಲ ಅನ್ನುತ್ತಾಳೆ, ತಾಯಿಯಿಂದ ಏಟು ತಿನ್ನುತ್ತಾಳೆ. ಮುಂದೆ ಜ್ವರ ಬಂದು ತೀರಿಹೋಗುತ್ತಾಳೆ. ಮನೆಯವರು ಊರು ಬಿಡಲು ಸಾಮಾನು ಕಟ್ಟುವಾಗ ತಮ್ಮ ಅಪುವಿಗೆ ಒಂದು ಚಿಪ್ಪಿನೊಳಗೆ ಆ ಮಾಲೆ ಸಿಗುತ್ತದೆ. ಅವನು ಓಡಿಹೋಗಿ ಅದನ್ನು ಪಾಚಿ ತುಂಬಿದ ಕೊಳಕ್ಕೆ ಎಸೆಯುತ್ತಾನೆ.

ಗಮನಿಸಿ, ಕಥೆ ನಾನೂ ಹೇಳಿದೆ. ಕಥೆ ಹೇಳುವುದೇ ತಪ್ಪು ಅಂತ ಮಕ್ಕಳಿಗೆ ಹೆದರಿಸಿದರೆ ಅವರು ತಲೆಬುಡ ಇಲ್ಲದೆ ಬರೆಯಲು ಶುರು ಮಾಡುತ್ತಾರೆ, ಓದುವವರಿಗೆ ಮಾಲೆ ಯಾರದು ಅಂತಲೂ ಗೊತ್ತಾಗುವುದಿಲ್ಲ. ಮುಂದೆ ಹೇಳಲಿರುವ ಚಿತ್ರಿಕೆ ಅರ್ಥವಾಗಲು ಎಷ್ಟು ಬೇಕೋ ಅಷ್ಟು ಕಥೆ ಇರಲಿ. ಮೇಲಿನ ಹಿನ್ನೆಲೆಯಲ್ಲಿ ತಂದೆ ಹರಿಹರನ ಕೆಲಸದ ವಿಷಯ ಇಲ್ಲ, ಮುದುಕಿ ಇಂದಿರ್ ಇಲ್ಲ, ರೈಲೂ ಇಲ್ಲ. ಈ ದೃಶ್ಯಕ್ಕೆ ಅವು ಬೇಕಿರಲಿಲ್ಲ.

ಇನ್ನು ಮಕ್ಕಳು ಬರೆಯುವ ಧಾಟಿಯಲ್ಲೇ ಮೂರು ಮಾದರಿ ಬರೆದು ತೋರಿಸುತ್ತೇನೆ. ಮೊದಲನೆಯದು:

"ದುರ್ಗಾ ಸತ್ತ ಮೇಲೆ ಹರಿಹರನ ಕುಟುಂಬ ಊರು ಬಿಟ್ಟು ಕಾಶಿಗೆ ಹೋಗಲು ನಿರ್ಧರಿಸುತ್ತದೆ. ಸಾಮಾನು ಕಟ್ಟುವಾಗ ಅಪುವಿಗೆ ಅಕ್ಕ ಕದ್ದಿದ್ದ ಮಾಲೆ ಸಿಗುತ್ತದೆ. ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಇದರಿಂದ ಅವನಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಇತ್ತೆಂದು ತಿಳಿಯುತ್ತದೆ. ಈ ದೃಶ್ಯ ಎಲ್ಲರ ಕಣ್ಣಲ್ಲಿ ನೀರು ತರಿಸುತ್ತದೆ."

ಓದಲು ಚೆನ್ನಾಗಿದೆ, ಸುಳ್ಳೂ ಇಲ್ಲ. ಆದರೆ ಒಂದೊಂದು ವಾಕ್ಯಕ್ಕೂ ಹೀಗೆ ಕೇಳಿ: ಸಿನಿಮಾ ನೋಡದೆ, ಬರೀ ಕಥಾಸಾರ ಓದಿದವರು ಇದನ್ನು ಬರೆಯಬಹುದಿತ್ತೇ? ಮೊದಲ ಮೂರು ವಾಕ್ಯ, ಖಂಡಿತ ಬರೆಯಬಹುದು. ನಾಲ್ಕನೆಯದು ಅಭಿಪ್ರಾಯ, ಆದರೆ ಅದು ಹುಟ್ಟಿದ್ದು ಚಿತ್ರದಿಂದಲ್ಲ, ಘಟನೆಯಿಂದ. ಐದನೆಯದು ನೋಡಿದವರ ಬಗ್ಗೆ, ಚಿತ್ರದ ಬಗ್ಗೆ ಅಲ್ಲವೇ ಅಲ್ಲ. ಅಂದರೆ ಇಡೀ ಪ್ಯಾರಾದಲ್ಲಿ ಕಣ್ಣಿನಿಂದ ಬಂದ ವಾಕ್ಯ ಒಂದೂ ಇಲ್ಲ.

ಎರಡನೆಯ ಮಾದರಿ ಇದಕ್ಕೆ ಉಲ್ಟಾ. ಸಿನಿಮಾ ಪಾರಿಭಾಷಿಕ ಪದಗಳನ್ನು ಹೊಸದಾಗಿ ಕಲಿಸಿದ ಮೇಲೆ ಇಂಥವು ಜಾಸ್ತಿ ಬರುತ್ತವೆ:

"ಇಲ್ಲಿ ಮೊದಲು ಮಿಡ್ ಶಾಟ್ ಇದೆ. ನಂತರ ಕ್ಲೋಸಪ್ ಬರುತ್ತದೆ. ಆಮೇಲೆ ಕೊಳವನ್ನು ತೋರಿಸುತ್ತಾರೆ. ಬೆಳಕು ಸಹಜವಾಗಿದೆ. ಸುಬ್ರತ ಮಿತ್ರ ಅವರ ಕ್ಯಾಮೆರಾ ಕೆಲಸ ಅದ್ಭುತವಾಗಿದೆ. ಸಂಕಲನವೂ ಚುರುಕಾಗಿದೆ."

ಇದನ್ನು ನೋಡಿ ಕೆಲವು ಮೇಷ್ಟ್ರುಗಳು ಮೋಸ ಹೋಗುತ್ತಾರೆ. ತಾಂತ್ರಿಕ ಪದ ಕಂಡ ಕೂಡಲೇ "ಪರವಾಗಿಲ್ಲ, ವಿಶ್ಲೇಷಣೆ ಮಾಡಿದ್ದಾನೆ" ಅನ್ನಿಸಿಬಿಡುತ್ತದೆ. ಆದರೆ ಕ್ಲೋಸಪ್ ಯಾವುದರದ್ದು? ಮುಖದ್ದೋ, ಕೈಯದ್ದೋ, ಮಾಲೆಯದ್ದೋ? ಅಲ್ಲೇ ಯಾಕೆ ಹತ್ತಿರ ಹೋದರು? ಇದಕ್ಕೆ ಉತ್ತರವಿಲ್ಲ. ಇದೇ ಆರು ವಾಕ್ಯವನ್ನು ಬೇರೆ ಸಿನಿಮಾದ ಬೇರೆ ದೃಶ್ಯಕ್ಕೆ ಅಂಟಿಸಿದರೂ ಕೂರುತ್ತದೆ, ಕೊಳ ಮತ್ತು ಛಾಯಾಗ್ರಾಹಕರ ಹೆಸರು ಬದಲಾಯಿಸಿಕೊಂಡರೆ ಸಾಕು. ಎಲ್ಲಿಗೆ ಬೇಕಾದರೂ ಹೊಂದುವ ವಿವರ ಸಾಕ್ಷಿಯಲ್ಲ. ನನ್ನನ್ನು ಕೇಳಿದರೆ ಮೊದಲನೆಯವನಿಗಿಂತ ಇವನಿಗೆ ಒಂದಂಕವೂ ಜಾಸ್ತಿ ಕೊಡಬೇಕಿಲ್ಲ. ಮೊದಲನೆಯವನು ಕಡೇಪಕ್ಷ ಮನಸ್ಸಿಟ್ಟು ನೋಡಿದ್ದಾನೆ.

ಮೂರನೆಯದು:

"ಮಾಲೆ ಬಿದ್ದ ಜಾಗದಲ್ಲಿ ಪಾಚಿ ಸರಿದು ನೀರು ಕಾಣುತ್ತದೆ. ದೃಶ್ಯವನ್ನು ಅಲ್ಲಿಗೇ ಮುಗಿಸಿಲ್ಲ. ಪಾಚಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುವುದನ್ನೂ ನಾವು ನೋಡುತ್ತೇವೆ. ಅಪು ಏನೂ ಮಾತಾಡುವುದಿಲ್ಲ. ಅಕ್ಕನ ಗುಟ್ಟು ಈಗ ಯಾರಿಗೂ ಸಿಗುವುದಿಲ್ಲ, ಆದರೆ ಅದು ಮುಚ್ಚಿಹೋಗುವುದಕ್ಕೆ ಅವನೊಬ್ಬ ಸಾಕ್ಷಿ. ಅಲ್ಲಿಯವರೆಗೆ ಅಕ್ಕನ ಹಿಂದೆ ಓಡುತ್ತಿದ್ದ ಹುಡುಗ ಮೊದಲ ಸಲ ಒಂದು ವಿಷಯವನ್ನು ಒಬ್ಬನೇ ಹೊತ್ತುಕೊಳ್ಳುತ್ತಾನೆ."

ಇಲ್ಲಿ ಮೊದಲ ಮೂರು ವಾಕ್ಯ ಕಣ್ಣಿಗೆ ಕಂಡದ್ದು. ಕಥಾಸಾರದಲ್ಲಿ "ಮಾಲೆಯನ್ನು ಕೊಳಕ್ಕೆ ಎಸೆದ" ಅಂತ ಇರುತ್ತದೆ, ಪಾಚಿ ಸರಿದು ಮತ್ತೆ ಕೂಡಿಕೊಂಡ ವಿಷಯ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೂ ಮುಖ್ಯ ಏನೆಂದರೆ "ಅಲ್ಲಿಗೇ ಮುಗಿಸಿಲ್ಲ" ಅನ್ನುವ ಮಾತು. ನಿರ್ದೇಶಕರ ಮುಂದೆ ಬೇರೆ ದಾರಿಯೂ ಇತ್ತು, ಅವರು ಇದನ್ನು ಆರಿಸಿಕೊಂಡರು ಅನ್ನುವುದು ಈ ವಿದ್ಯಾರ್ಥಿಗೆ ಹೊಳೆದಿದೆ. ಕೊನೆಯ ಎರಡು ವಾಕ್ಯ ಅರ್ಥ ಬಿಡಿಸುತ್ತವೆ, ಆ ಅರ್ಥ ಪಾಚಿಯ ಮೇಲೇ ನಿಂತಿದೆ.

ನಿಂತಿದೆ ಅಂತ ಹೇಗೆ ಗೊತ್ತು? ಇದಕ್ಕೆ ನಾನು ಬಳಸುವ ಪರೀಕ್ಷೆ ಒಂದೇ. ಪ್ರಬಂಧದಲ್ಲಿ ಹೇಳಿದ ದೃಶ್ಯ ವಿವರವನ್ನು ಮನಸ್ಸಿನಲ್ಲೇ ಬದಲಾಯಿಸಿ ನೋಡಿ. ಮಾಲೆ ನೀರಿಗೆ ಬಿದ್ದ ತಕ್ಷಣ ದೃಶ್ಯ ಕತ್ತರಿಸಿದ್ದರೆ? ಅಥವಾ ಕೊಳದಲ್ಲಿ ತಿಳಿನೀರಿದ್ದು ಮಾಲೆ ತಳದಲ್ಲಿ ಹೊಳೆಯುತ್ತಾ ಕಾಣುತ್ತಿದ್ದರೆ? ಆಗ ಮೂರನೆಯ ಮಾದರಿಯ ಅರ್ಥ ಬಿದ್ದುಹೋಗುತ್ತದೆ. ಗುಟ್ಟು ಮುಚ್ಚಿಹೋಯಿತು ಅನ್ನಲಾಗುವುದಿಲ್ಲ, ಅದು ಕಣ್ಣೆದುರೇ ಇರುತ್ತದಲ್ಲ. ವಿವರ ಬದಲಾದರೆ ಅರ್ಥವೂ ಬದಲಾಗಬೇಕು. ಹಾಗಾದರೆ ಮಾತ್ರ ಆ ವಿವರ ಸಾಕ್ಷಿಯ ಕೆಲಸ ಮಾಡುತ್ತಿದೆ. ಈಗ ಮೊದಲನೆಯ ಮಾದರಿಗೆ ಬನ್ನಿ. "ಅಕ್ಕನ ಮೇಲೆ ಎಷ್ಟು ಪ್ರೀತಿ ಇತ್ತೆಂದು ತಿಳಿಯುತ್ತದೆ." ತಿಳಿನೀರಾದರೂ, ಬಾವಿಯಾದರೂ, ತಿಪ್ಪೆಗುಂಡಿಯಾದರೂ ಈ ವಾಕ್ಯ ಅಲ್ಲಾಡುವುದಿಲ್ಲ. ಅಂದರೆ ಚಿತ್ರಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ.

ಇದು ಸುಮ್ನೆ ಊಹೆಯ ಆಟವೂ ಅಲ್ಲ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಮೂಲ ಕಾದಂಬರಿಯಲ್ಲಿ ಅಪುವಿಗೆ ಸಿಗುವುದು ಮಾಲೆಯಲ್ಲ, ಒಂದು ಪುಟ್ಟ ಚಿನ್ನದ ಭರಣಿ. ಅದನ್ನು ಅವನು ಬಿದಿರ ಮೆಳೆಯೊಳಕ್ಕೆ ಎಸೆಯುತ್ತಾನೆ. ಘಟನೆ ಹೆಚ್ಚುಕಡಿಮೆ ಅದೇ: ಸತ್ತ ಅಕ್ಕನ ಕಳವನ್ನು ತಮ್ಮ ಯಾರಿಗೂ ತಿಳಿಯದಂತೆ ಮಾಡುತ್ತಾನೆ. ಮೆಳೆಗೆ ಬಿದ್ದದ್ದು ಅಲ್ಲಿ ಎಲ್ಲೋ ಬಿದ್ದಿರುತ್ತದೆ. ಪಾಚಿಯ ಕೊಳ ಹಾಗಲ್ಲ, ತೆರೆದು ಮುಚ್ಚಿಕೊಳ್ಳುತ್ತದೆ, ಅದನ್ನು ಕ್ಯಾಮೆರಾ ಹಿಡಿಯಬಹುದು. ನಿರ್ದೇಶಕರು ಯಾಕೆ ಜಾಗ ಬದಲಾಯಿಸಿದರು ಎಂದು ಕೇಳಿದರೆ ತರಗತಿಯಲ್ಲಿ ಅರ್ಧ ಗಂಟೆಯ ಚರ್ಚೆ ನಡೆಯುತ್ತದೆ, ಆಮೇಲೆ ಬರುವ ಪ್ರಬಂಧಗಳೇ ಬೇರೆ ಇರುತ್ತವೆ.

ಅಂಕದ ಲೆಕ್ಕಕ್ಕೆ ಬರೋಣ. 20 ಅಂಕದ ಪ್ರಬಂಧವಾದರೆ ನಾನು ಕಂಡ ವಿವರಕ್ಕೆ 8, ಅರ್ಥ ಬಿಡಿಸಿದ್ದಕ್ಕೆ 8, ಹಿನ್ನೆಲೆ ಮತ್ತು ಭಾಷೆಗೆ 4 ಇಡುತ್ತೇನೆ. ಓದುವಾಗ ಎರಡು ಬಣ್ಣದ ಪೆನ್ಸಿಲ್ ಕೈಯಲ್ಲಿರುತ್ತದೆ. ಕಂಡ ವಿವರದ ಕೆಳಗೆ ಹಸಿರು ಗೆರೆ, ಅರ್ಥದ ಕೆಳಗೆ ನೀಲಿ. ಕಥೆಗೆ ಗೆರೆಯಿಲ್ಲ. ಓದಿ ಮುಗಿಸಿದ ಮೇಲೆ ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿದರೆ ಸಾಕು. ಗೆರೆಯೇ ಇಲ್ಲದ ಪುಟ ಬರೀ ಕಥೆ. ಬರೀ ಹಸಿರು ಇದ್ದರೆ ಶಾಟ್‌ಗಳ ಪಟ್ಟಿ. ಬರೀ ನೀಲಿ ಇದ್ದರೆ ಭಾಷಣ. ಹಸಿರಿನ ಹಿಂದೆಯೇ ನೀಲಿ ಬಂದಿದ್ದರೆ ಅಲ್ಲಿ ವಿಶ್ಲೇಷಣೆ ಇದೆ. ಎರಡರ ನಡುವೆ ಅರ್ಧ ಪುಟ ಅಂತರವಿದ್ದರೆ ವಿದ್ಯಾರ್ಥಿಯ ತಲೆಯಲ್ಲಿ ಸಂಬಂಧ ಇದೆ, ಕಾಗದದ ಮೇಲೆ ಇಲ್ಲ ಎಂದರ್ಥ. ಅಂಥವರಿಗೆ ಸ್ವಲ್ಪ ಹೇಳಿದರೆ ಸಾಕು, ಬೇಗ ಸರಿಹೋಗುತ್ತಾರೆ. ಗೆರೆ ಎಳೆದ ಪುಟವನ್ನೇ ವಾಪಸ್ಸು ಕೊಟ್ಟರೆ "ಏನು ಬಿಟ್ಟಿದೀನಿ" ಅನ್ನುವ ಪ್ರಶ್ನೆಯೂ ಕಡಿಮೆಯಾಗುತ್ತದೆ.

ಹಾಗೆ ನೋಡಿದರೆ ಮೊದಲನೆಯ ಮಾದರಿಯ ಧಾಟಿಯಲ್ಲೇ ಇಡೀ ಪ್ರಬಂಧ ಇದ್ದರೆ ಕಂಡದ್ದಕ್ಕೆ 1, ಅರ್ಥಕ್ಕೆ 2, ಹಿನ್ನೆಲೆ ಮತ್ತು ಭಾಷೆಗೆ 4, ಒಟ್ಟು 7. ಎರಡನೆಯದಕ್ಕೆ 3, 0, 3. ಮೂರನೆಯ ಧಾಟಿಯದಕ್ಕೆ 6, 6, 4. ಪೂರ್ತಿ ಯಾಕಿಲ್ಲ? ಆ ವಿದ್ಯಾರ್ಥಿ ಒಂದೇ ಜಾಗದಲ್ಲಿ ನಿಂತಿದ್ದಾನೆ. ಇದೇ ಸಿನಿಮಾದಲ್ಲಿ ಇನ್ನೊಂದು ಸಲ ವಸ್ತುವೊಂದು ನೀರಿಗೆ ಹೋಗುತ್ತದೆ. ಮುದುಕಿ ಇಂದಿರ್ ಬಿದಿರ ತೋಪಿನಲ್ಲಿ ಸತ್ತು ಕೂತಿರುವುದನ್ನು ಮಕ್ಕಳು ಕಂಡಾಗ ಅವಳ ಹಿತ್ತಾಳೆ ಚೊಂಬು ಉರುಳಿಕೊಂಡು ಹೋಗಿ ನೀರಿಗೆ ಬೀಳುತ್ತದೆ. ಚೊಂಬು ತಾನಾಗಿ ಉರುಳುತ್ತದೆ, ಮಾಲೆಯನ್ನು ಹುಡುಗ ಬೇಕೆಂದೇ ಎಸೆಯುತ್ತಾನೆ. ಸತ್ತವರ ವಸ್ತು ಎರಡೂ ಸಲ ನೀರು ಸೇರುತ್ತದೆ, ಆದರೆ ಎರಡನೇ ಸಲ ಅದರಲ್ಲಿ ಅಪುವಿನ ಕೈ ಇದೆ. ಈ ಎರಡನ್ನು ಪಕ್ಕಪಕ್ಕ ಇಟ್ಟು ಬರೆದವನಿಗೆ 8ಕ್ಕೆ 8 ಕೊಡಲು ನನಗೆ ಬೇಜಾರಿಲ್ಲ. ಒಂದು ವಿವರದಿಂದ ಹೊರಡುವ ಅರ್ಥವನ್ನು ಚಿತ್ರದ ಇನ್ನೊಂದು ಜಾಗವೂ ಒಪ್ಪಿದರೆ ಅದು ಗಟ್ಟಿಯಾಗುತ್ತದೆ.

ಇದೇ ಕಾರಣಕ್ಕೆ "ಸಂಕೇತ" ಅನ್ನುವ ಪದ ಕಂಡಾಗ ನಾನು ಹುಷಾರಾಗುತ್ತೇನೆ. ರೈಲಿನ ದೃಶ್ಯದ ಬಗ್ಗೆ ಬರೆಯಿರಿ ಅಂದರೆ ಸಾಕು, "ರೈಲು ಆಧುನಿಕತೆಯ ಸಂಕೇತ" ಅಂತ ಬಂದುಬಿಡುತ್ತದೆ. ಅಲ್ಲಿಗೆ ಪ್ಯಾರಾ ಮುಗಿಯಿತು. ಗೈಡಿನಲ್ಲಿ ಇರುವ ವಾಕ್ಯ ಅದು. ನಿತ್ಯ ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುವ ಹುಡುಗಿಗೂ ರೈಲು ಕಂಡ ಕೂಡಲೇ ಆಧುನಿಕತೆ ನೆನಪಾಗುತ್ತದಾ? ಪರದೆಯ ಮೇಲೆ ಇರುವುದೇನು ನೋಡಿ. ಬಿಳಿ ಕಾಶ ಹುಲ್ಲಿನ ಬಯಲು, ಅದರ ಹಿಂದೆ ಕಪ್ಪು ಹೊಗೆ. ದುರ್ಗಾ ಓಡುವಾಗ ಎಡವಿ ಬೀಳುತ್ತಾಳೆ, ಹಳಿಯ ಹತ್ತಿರ ತಲುಪುವುದು ಅಪು. ಆಮೇಲೆ ಕ್ಯಾಮೆರಾ ಹಳಿಯ ಆಚೆ ಬದಿಗೆ ಹೋಗಿರುತ್ತದೆ, ಓಡುವ ಗಾಲಿಗಳ ಸಂದಿಯಿಂದ ಹುಡುಗ ಕಾಣುತ್ತಾನೆ. ಅಲ್ಲಿಯವರೆಗೆ ಮಕ್ಕಳ ಜೊತೆ ರೈಲು ಕಾಯುತ್ತಿದ್ದ ನಾವು ತಟ್ಟನೆ ರೈಲಿನ ಆಚೆ ಇದ್ದೇವೆ. ಸಂಕೇತ ಅನ್ನುವವರು ಬೇಕಾದರೆ ಅನ್ನಲಿ, ಆದರೆ ಇದರಲ್ಲಿ ಒಂದನ್ನಾದರೂ ಹಿಡಿದು ಅನ್ನಲಿ. ಅಕ್ಕ ಬಿದ್ದಳು, ತಮ್ಮ ಮುಟ್ಟಿದ ಅನ್ನುವುದನ್ನು ಗಮನಿಸಿದವರು ಮುಂದೆ ಯಾರು ಊರು ಬಿಟ್ಟು ಹೋಗುತ್ತಾರೆ, ಯಾರು ಹೋಗುವುದಿಲ್ಲ ಅನ್ನುವ ಕಡೆಗೆ ತಾವಾಗೇ ಬರುತ್ತಾರೆ.

ಸಿನಿಮಾದಲ್ಲಿ ಕಿವಿಗೆ ಕೇಳಿದ್ದೂ ಸಾಕ್ಷಿಯೇ, ಅದಕ್ಕೂ ಹಸಿರು ಗೆರೆ ಎಳೆಯಬೇಕು. ಹರಿಹರ ದುರ್ಗಾಳಿಗೆಂದು ಸೀರೆ ತಂದು ತೋರಿಸಿದಾಗ ತಾಯಿ ಸರ್ವಜಯಾ ಗೋಳಾಡುತ್ತಾಳೆ. ಅವಳ ದನಿ ನಮಗೆ ಕೇಳುವುದಿಲ್ಲ. ಆ ಜಾಗದಲ್ಲಿ ತಾರಶೆಹನಾಯಿ ವಾದ್ಯ ಎತ್ತರದ ಸ್ವರದಲ್ಲಿ ಕೂಗುತ್ತದೆ. "ತಾಯಿ ಜೋರಾಗಿ ಅಳುತ್ತಾಳೆ, ಅವಳ ಅಳು ಕರುಳು ಹಿಂಡುತ್ತದೆ" ಎಂದು ಬರೆದವರು ಸಿನಿಮಾ ನೋಡಿದ್ದಾರೋ ಅಥವಾ ಕಥೆ ಕೇಳಿದ್ದಾರೋ ಎಂದು ಈ ಒಂದು ಸಾಲಿನಲ್ಲೇ ಪತ್ತೆಯಾಗುತ್ತದೆ.

ಪತ್ತೆಯ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ದೃಶ್ಯ ವಿವರಕ್ಕೆ ಅಂಕ ಇದೆ ಅಂತ ಗೊತ್ತಾದ ಮೇಲೆ ಇಲ್ಲದ ವಿವರ ಹುಟ್ಟಿಸುವವರೂ ಇರುತ್ತಾರೆ. "ಕೆಂಪು ಸೀರೆಯುಟ್ಟ ತಾಯಿ" ಅಂತ ಬರೆದಿರುತ್ತಾರೆ, ಸಿನಿಮಾ ಕಪ್ಪು ಬಿಳುಪು. ಇದಕ್ಕೆ ಸುಲಭ ಉಪಾಯ: ಪ್ರತಿ ವಿವರದ ಪಕ್ಕ ಎಷ್ಟನೇ ನಿಮಿಷದಲ್ಲಿ ಕಂಡಿತು ಅಂತ ಬರೆಯಲು ಹೇಳಿ. ಎರಡು ಗಂಟೆಗಿಂತ ಜಾಸ್ತಿಯ ಸಿನಿಮಾವನ್ನು ನೀವು ಪೂರ್ತಿ ಮತ್ತೆ ನೋಡಬೇಕಿಲ್ಲ, ಅನುಮಾನ ಬಂದ ಎರಡು ಮೂರು ಕಡೆ ನೋಡಿದರೆ ಸಾಕು. ನಿಮಿಷ ಬರೆಯಬೇಕು ಅಂದ ಮೇಲೆ ಮಕ್ಕಳೂ ಆ ಭಾಗವನ್ನು ಇನ್ನೊಮ್ಮೆ ಹಾಕಿ ನೋಡುತ್ತಾರೆ. ಆ ಎರಡನೇ ನೋಟದಲ್ಲೇ ಒಳ್ಳೆಯ ವಿವರಗಳು ಸಿಗುವುದು.

ಚಿತ್ರಕಲೆಯಲ್ಲಿ ನಿಮಿಷ ಇಲ್ಲ, ಬದಲಿಗೆ ಜಾಗ ಕೇಳಬೇಕು. ನಮ್ಮ ಕಡೆಯಿಂದ ಲೇಪಾಕ್ಷಿಗೆ ಪ್ರವಾಸ ಹೋಗಿಬರುವುದು ಇದ್ದದ್ದೇ. ಬಾಗೇಪಲ್ಲಿ ದಾಟಿದರೆ ಆಯಿತು, ಗೌರಿಬಿದನೂರಿನವರಿಗಂತೂ ಇನ್ನೂ ಹತ್ತಿರ. ವೀರಭದ್ರ ದೇವಸ್ಥಾನದ ಒಳಛಾವಣಿಯಲ್ಲಿ 16ನೇ ಶತಮಾನದ ವಿಜಯನಗರ ಕಾಲದ ಚಿತ್ರಗಳಿವೆ. ಅದರಲ್ಲಿ ಮನುನೀತಿ ಚೋಳನ ಕಥೆಯೂ ಒಂದು: ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಿತು, ಹಸು ಬಂದು ನ್ಯಾಯದ ಗಂಟೆ ಎಳೆಯಿತು, ರಾಜ ಮಗನಿಗೂ ಅದೇ ಶಿಕ್ಷೆ ಕೊಟ್ಟ. ಈ ಮೂರು ವಾಕ್ಯವನ್ನು ಮೂರು ಪುಟಕ್ಕೆ ಎಳೆದು, "ಹಿಂದಿನ ರಾಜರು ಎಷ್ಟು ನ್ಯಾಯವಂತರಾಗಿದ್ದರು" ಎಂದು ಮುಗಿಸಿದ ಬರಹಗಳು ಪ್ರವಾಸದ ಮಾರನೇ ವಾರ ಕಟ್ಟುಗಟ್ಟಲೆ ಬರುತ್ತವೆ. ಗೈಡ್ ಹೇಳಿದ್ದು ಕಿವಿಯಿಂದ ಬಂದಿದೆ, ಕತ್ತೆತ್ತಿ ಛಾವಣಿ ನೋಡಿದ್ದು ಬಂದಿಲ್ಲ. ಇಂಥ ಪ್ರಬಂಧಕ್ಕೆ ಅಂಕ ಹಾಕುವಾಗ ಪ್ರಶ್ನೆ ಸರಳ ಇರಲಿ. ಹೆಚ್ಚಿನ ಮುಖಗಳನ್ನು ಪಕ್ಕದಿಂದ ಬರೆದಿದ್ದಾರೆ, ಎದುರಿನಿಂದಲ್ಲ. ಹಾಗಾದರೆ ಅವರು ಯಾರನ್ನು ನೋಡುತ್ತಿದ್ದಾರೆ, ನಮ್ಮನ್ನೋ ಒಬ್ಬರನ್ನೊಬ್ಬರೋ? ಮಣ್ಣಿನ ಕೆಂಪು, ಕಾವಿ, ಕಪ್ಪು, ಬಿಳಿ ಇವೇ ಮುಖ್ಯ ಬಣ್ಣ. ಇಷ್ಟೇ ಬಣ್ಣದಲ್ಲಿ ಒಬ್ಬರಿಂದ ಇನ್ನೊಬ್ಬರನ್ನು ಹೇಗೆ ಬೇರೆ ಮಾಡಿ ತೋರಿಸಿದ್ದಾರೆ? ಇದರಲ್ಲಿ ಒಂದಕ್ಕೆ ಉತ್ತರ ಹುಡುಕಿದ ಒಂದೇ ಪುಟವನ್ನು ನಾನು ಆ ಮೂರು ಪುಟಕ್ಕಿಂತ ಮೇಲಿಡುತ್ತೇನೆ.

ಅಂಚಿನಲ್ಲಿ ಬರೆಯುವ ಷರಾ ಕೂಡ ಹೀಗೆ ಪ್ರಶ್ನೆಯಾಗಿದ್ದರೆ ಒಳ್ಳೆಯದು. "ವಿಶ್ಲೇಷಣೆ ಸಾಲದು" ಅಂತ ಬರೆದರೆ ಮುಂದಿನ ಸಲ ಇನ್ನೊಂದು ಪುಟ ಕಥೆ ಸೇರಿಸಿಕೊಂಡು ಬರುತ್ತಾರೆ. "ಮಾಲೆ ಬಿದ್ದ ಮೇಲೆ ಕೊಳ ಹೇಗೆ ಕಂಡಿತು?" ಅಂತ ಬರೆದರೆ ಆ ದೃಶ್ಯ ಹಾಕಿ ನೋಡದೆ ಬೇರೆ ದಾರಿಯಿಲ್ಲ.

ಕೊನೆಗೊಂದು ತಕರಾರು ಉಳಿಯುತ್ತದೆ, ಚುರುಕು ಹುಡುಗರು ಎತ್ತುವಂಥದ್ದು. "ಅರ್ಥ ಒಬ್ಬೊಬ್ಬರಿಗೆ ಒಂದೊಂದು ಥರ ಅಲ್ವಾ ಮೇಡಂ? ನಿಮ್ಮ ಅರ್ಥ ಬೇರೆ ಅಂತ ನನ್ನ ಅಂಕ ಯಾಕೆ ಕಡಿಮೆ?" ನ್ಯಾಯವಾದ ಮಾತು. ಹಾಗಾಗಿ ಅದೇ ಪಾಚಿಯನ್ನು ಪೂರಾ ಬೇರೆ ರೀತಿ ಓದಿದ ಪ್ರಬಂಧವೊಂದು ಬಂದಿದೆ ಅಂದುಕೊಳ್ಳಿ: "ಕೊಳ ಏನೂ ಆಗದ ಹಾಗೆ ಮುಚ್ಚಿಕೊಳ್ಳುತ್ತದೆ. ದುರ್ಗಾ ಇದ್ದಳು ಅನ್ನುವುದನ್ನೂ ಈ ಊರು ಹೀಗೇ ಮರೆಯುತ್ತದೆ. ತಮ್ಮ ಗುಟ್ಟು ಕಾಪಾಡಿದ ಅನ್ನಿಸಿದರೂ ಅವಳ ಕೊನೆಯ ಗುರುತನ್ನು ಅಳಿಸಿದವನೂ ಅವನೇ." ಇದು ಮೂರನೆಯ ಮಾದರಿಗೆ ನೇರ ವಿರುದ್ಧ. ನನಗೆ ಇದು ಪೂರ್ತಿ ಒಪ್ಪಿಗೆಯೂ ಇಲ್ಲ. ಆದರೆ ಪಾಚಿ ಬದಲಾದರೆ ಈ ಅರ್ಥವೂ ಬೀಳುತ್ತದೆ, ಅಂದರೆ ಅದೇ ಸಾಕ್ಷಿಯ ಮೇಲೆ ನಿಂತಿದೆ. ಇದಕ್ಕೂ ಅರ್ಥದ ಕಾಲಂನಲ್ಲಿ 6 ಹಾಕುತ್ತೇನೆ. ಮತ್ತೊಬ್ಬರು "ಈ ಕೊಳ ಗಂಗೆ, ಮಾಲೆ ಎಸೆದದ್ದು ಅಸ್ಥಿ ವಿಸರ್ಜನೆ" ಎಂದಿದ್ದರೆ ಮೊದಲು ಕೇಳುವುದು ಒಂದೇ: ಕೊಳವನ್ನು ಪವಿತ್ರ ಜಾಗ ಅಂತ ತೋರಿಸಿದ ಚಿತ್ರಿಕೆ ಯಾವುದು? ಹುಡುಗ ಅಲ್ಲಿ ಕೈ ಮುಗಿಯುತ್ತಾನಾ, ನಿಧಾನವಾಗಿ ಬಿಡುತ್ತಾನಾ, ಅಥವಾ ಓಡಿಬಂದು ಬೀಸಿ ಎಸೆಯುತ್ತಾನಾ? ಎಸೆಯುತ್ತಾನೆ. ಹಾಗಾಗಿ ಅದಕ್ಕೆ 2. ಅಂಕ ಕಡಿಮೆಯಾದದ್ದು ನನ್ನ ಅರ್ಥಕ್ಕೆ ಹೊಂದಲಿಲ್ಲ ಎಂದಲ್ಲ, ಪರದೆಯ ಮೇಲಿನ ಆ ಕೈಗೆ ಹೊಂದಲಿಲ್ಲ ಎಂದು.